ಸಿಹಿ ಕುಡಿಸಿದಷ್ಟೂ ಹೆಚ್ಚಿದ ಭೇದಿ: ಮಲೆನಾಡಿನ ಒಂದು ಮಳೆಗಾಲದ ಪ್ರಕರಣ

ಶಿವಮೊಗ್ಗ ಜಿಲ್ಲೆಯ ಮಲೆನಾಡು ಭಾಗದ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಜುಲೈ ತಿಂಗಳ ಒಂದು ಸೋಮವಾರ ಮಧ್ಯಾಹ್ನ 13 ತಿಂಗಳ ಗಂಡುಮಗುವನ್ನು ಕರೆತಂದರು. ಮನೆಯವರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಲಾಗಿದೆ. ಲೆಕ್ಕಗಳನ್ನು ಬದಲಿಸಿಲ್ಲ.

ಹಿನ್ನೆಲೆ

ತೋಟದ ಮನೆ. ಕುಡಿಯಲು ಗುಡ್ಡದ ಅಬ್ಬಿಯಿಂದ ಪೈಪಿನಲ್ಲಿ ಇಳಿದು ಬರುವ ನೀರು. ಮಳೆ ಹಿಡಿದು ಎರಡು ವಾರವಾಗಿತ್ತು, ನೀರು ಕೆಂಪಾಗಿ ಬರುತ್ತಿತ್ತು. ದೊಡ್ಡವರು ಕಾಯಿಸಿದ ನೀರನ್ನೇ ಕುಡಿಯುತ್ತಿದ್ದರೂ ಮಗುವಿನ ಬಟ್ಟಲು, ಚಮಚ ತೊಳೆಯುತ್ತಿದ್ದದ್ದು ಹಸಿ ನೀರಿನಲ್ಲಿ. ಮಗು ಎದೆಹಾಲು ಕುಡಿಯುತ್ತಿತ್ತು, ಜೊತೆಗೆ ಗಂಜಿ, ಅನ್ನ, ಬಾಳೆಹಣ್ಣು. ಹತ್ತು ದಿನದ ಹಿಂದೆ ಅಂಗನವಾಡಿಯಲ್ಲಿ ತೂಗಿದಾಗ 9.4 ಕಿಲೋ ಇತ್ತು. ತಾಯಿ ಕಾರ್ಡನ್ನು ಮರೆಯದೆ ತಂದಿದ್ದರಿಂದ ಈ ಅಂಕಿ ಸಿಕ್ಕಿತು, ಮುಂದೆ ಅದೇ ತುಂಬಾ ಕೆಲಸಕ್ಕೆ ಬಂತು.

ಶನಿವಾರ ಸಂಜೆ ಭೇದಿ ಶುರುವಾಯಿತು. ರಾತ್ರಿ ಎರಡು ಸಲ ವಾಂತಿ. ಜ್ವರ ಅಷ್ಟಾಗಿ ಇರಲಿಲ್ಲ, ಮಲದಲ್ಲಿ ರಕ್ತವಿರಲಿಲ್ಲ. ಭಾನುವಾರ ಬೆಳಗಿನ ಹೊತ್ತಿಗೆ ಆರು ಸಲ ಆಗಿತ್ತು. ತಂದೆ ಪೇಟೆಗೆ ಹೋಗಿ ಮೆಡಿಕಲ್ ಶಾಪಿನಲ್ಲಿ ಒಆರ್‌ಎಸ್ ಕೇಳಿದರು. ಕೊಟ್ಟದ್ದು 200 ಮಿಲಿಲೀಟರಿನ, ಹಣ್ಣಿನ ಚಿತ್ರವಿದ್ದ, ನಳಿಕೆ ಚುಚ್ಚಿ ಕುಡಿಯುವ ಡಬ್ಬಿ. ಮೇಲೆ ದೊಡ್ಡ ಅಕ್ಷರದಲ್ಲಿ ಒಆರ್‌ಎಸ್ ಎಂದೇ ಬರೆದಿತ್ತು. ಕುಟುಂಬದವರ ತಪ್ಪು ಇಲ್ಲಿ ಏನೂ ಇಲ್ಲ; ಕೇಳಬೇಕಾದ್ದನ್ನೇ ಕೇಳಿದ್ದರು.

ಸಮಸ್ಯೆ

ಮಗು ಆ ಪಾನೀಯವನ್ನು ಆಸೆಯಿಂದ ಕುಡಿಯಿತು. ಭಾನುವಾರ ಮೂರು ಡಬ್ಬಿ, ಸೋಮವಾರ ಮಧ್ಯಾಹ್ನದೊಳಗೆ ಇನ್ನೂ ನಾಲ್ಕು. ಒಟ್ಟು 1,400 ಮಿಲಿಲೀಟರ್ ಹೊಟ್ಟೆಗೆ ಹೋಗಿತ್ತು. ಆದರೂ ಭೇದಿ ಆರರಿಂದ ಹನ್ನೊಂದಕ್ಕೆ ಏರಿತು, ಬರೀ ನೀರು. ಅಜ್ಜಿ ಒಂದು ಮಾತು ಹೇಳಿದರು: "ಕುಡಿದ ಅರ್ಧ ಗಂಟೆಗೆ ಹೋಗ್ತದೆ ಮೇಡಂ, ಹುಳಿ ವಾಸನೆ ಬೇರೆ. ಕುಂಡೆಯೆಲ್ಲ ಕೆಂಪಾಗಿದೆ." ಪ್ರಕರಣದ ಕೀಲಿಕೈ ಈ ಮೂರು ಸಂಗತಿಗಳಲ್ಲೇ ಇತ್ತು.

ಪರೀಕ್ಷೆಯಲ್ಲಿ ಮಗು ಕಿರಿಕಿರಿ ಮಾಡುತ್ತಿತ್ತು, ಕಣ್ಣು ಒಳಗಿಳಿದಿತ್ತು, ಅಳುವಾಗ ಕಣ್ಣೀರಿಲ್ಲ. ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ನಿಧಾನವಾಗಿ ಸಮವಾಗುತ್ತಿತ್ತು, ಆದರೆ ಎರಡು ಸೆಕೆಂಡಿನೊಳಗೆ. ನೀರು ತೋರಿಸಿದರೆ ಲೋಟಕ್ಕೆ ಕೈ ಹಾಕುತ್ತಿತ್ತು. ಆರು ಗಂಟೆಯಿಂದ ಮೂತ್ರ ಹೋಗಿರಲಿಲ್ಲ. ತೂಕ 8.8 ಕಿಲೋ. ಅಂದರೆ 600 ಗ್ರಾಂ, ಶೇಕಡಾ ಆರಕ್ಕಿಂತ ಸ್ವಲ್ಪ ಹೆಚ್ಚು ಕಳೆದಿತ್ತು. ಇದು ಮಧ್ಯಮ ನಿರ್ಜಲೀಕರಣ. ಮಂಪರು ಕವಿದಿದ್ದರೆ, ಕುಡಿಯಲು ಶಕ್ತಿಯಿಲ್ಲದಿದ್ದರೆ, ಚಿವುಟಿದ ಚರ್ಮ ಎರಡು ಸೆಕೆಂಡು ದಾಟಿಯೂ ನಿಂತೇ ಇದ್ದರೆ ದಾರಿ ಬೇರೆಯಾಗುತ್ತಿತ್ತು: ತಡಮಾಡದೆ ರಕ್ತನಾಳಕ್ಕೆ ದ್ರವ ಕೊಡಬೇಕಾಗುತ್ತಿತ್ತು.

ತಂದೆಯದು ನೇರ ವಾದ. "ಒಆರ್‌ಎಸ್ ಏಳು ಪ್ಯಾಕೆಟ್ ಕುಡ್ಸಿದೀವಿ, ಹಿಡೀಲಿಲ್ಲ. ಡ್ರಿಪ್ ಹಾಕ್ಬಿಡಿ ಮೇಡಂ." ಮೇಲ್ನೋಟಕ್ಕೆ ಇದು ತರ್ಕಬದ್ಧವೇ. ಬಾಯಿಯಿಂದ ಕೊಟ್ಟದ್ದು ಸೋತರೆ ಡ್ರಿಪ್ ಹಾಕುವುದು ಕ್ರಮ. ವೈದ್ಯೆ ಒಪ್ಪಿಬಿಟ್ಟಿದ್ದರೆ ಡ್ರಿಪ್ಪಿನಿಂದ ಮಗು ಚೇತರಿಸಿಕೊಂಡು ಮನೆಗೆ ಹೋಗುತ್ತಿತ್ತು, ಮನೆಯಲ್ಲಿ ಅದೇ ಡಬ್ಬಿ, ಮತ್ತೆ ಅದೇ ಭೇದಿ.

ತಿರುವು: "ಕುಡಿಸಿದ್ದನ್ನು ತೋರಿಸಿ"

ವೈದ್ಯೆ ಕೇಳಿದ್ದು ಖಾಲಿ ಡಬ್ಬಿ. ಚೀಲದಲ್ಲಿ ಒಂದಿತ್ತು. ಅದರ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ 100 ಮಿಲಿಲೀಟರಿಗೆ ಸಕ್ಕರೆ 11 ಗ್ರಾಂ, ಸೋಡಿಯಂ 50 ಮಿಲಿಗ್ರಾಂ ಎಂದಿತ್ತು.

ಇದನ್ನು ಲೀಟರಿನ ಲೆಕ್ಕಕ್ಕೆ ತಂದು, ಆರೋಗ್ಯ ಕೇಂದ್ರದಲ್ಲಿ ಕೊಡುವ ಪುಡಿಯ ಪಕ್ಕ ಇಟ್ಟು ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 2002ರಿಂದ ಶಿಫಾರಸು ಮಾಡುತ್ತಿರುವ ಪುಡಿಯಲ್ಲಿ ಒಂದು ಲೀಟರಿಗೆ ಅಡುಗೆ ಉಪ್ಪು 2.6 ಗ್ರಾಂ, ಗ್ಲೂಕೋಸ್ 13.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಟ್ರೈಸೋಡಿಯಂ ಸಿಟ್ರೇಟ್ 2.9 ಗ್ರಾಂ ಇರುತ್ತವೆ, ಒಟ್ಟು 20.5 ಗ್ರಾಂ. ಕರಗಿದಾಗ, ಕಣಗಳ ಎಣಿಕೆಯ ಲೆಕ್ಕದಲ್ಲಿ, ಸೋಡಿಯಂ 75 ಮಿಲಿಮೋಲ್, ಗ್ಲೂಕೋಸ್ ಕೂಡ 75 ಮಿಲಿಮೋಲ್. ಎರಡೂ ಸರಿಸಮ. ಕರಗಿದ ಕಣಗಳೆಲ್ಲ ಸೇರಿ 245 ಮಿಲಿಆಸ್ಮೋಲ್, ರಕ್ತದ ಸುಮಾರು 290ಕ್ಕಿಂತ ಸ್ವಲ್ಪ ತೆಳು. ಡಬ್ಬಿಯ ಪಾನೀಯದಲ್ಲಿ ಲೀಟರಿಗೆ ಸಕ್ಕರೆ 110 ಗ್ರಾಂ, ಸೋಡಿಯಂ ಸುಮಾರು 22 ಮಿಲಿಮೋಲ್. ಸೋಡಿಯಂ ಮೂರನೇ ಒಂದು ಭಾಗಕ್ಕಿಂತ ಕಡಿಮೆ, ಸಿಹಿ ಎಂಟು ಪಟ್ಟು.

ಈ ವ್ಯತ್ಯಾಸ ಯಾಕೆ ಅಷ್ಟು ದುಬಾರಿಯಾಯಿತು ಎಂದು ತಿಳಿಯಲು ಸಣ್ಣ ಕರುಳಿನ ಒಳಗೋಡೆಯ ಜೀವಕೋಶವನ್ನು ನೋಡಬೇಕು.

ಕರುಳಿನ ಬಾಗಿಲು

ಕರುಳು ನೀರನ್ನು ನೇರವಾಗಿ ಎಳೆದುಕೊಳ್ಳುವ ಪಂಪಲ್ಲ. ಅದು ಎಳೆಯುವುದು ಸೋಡಿಯಂ. ನೀರು ಅದರ ಬೆನ್ನು ಹತ್ತಿ ಬರುತ್ತದೆ. ಸೋಡಿಯಂ ಕೋಶದೊಳಗೆ ಬರಲು ಹಲವು ಬಾಗಿಲುಗಳಿವೆ. ಕಾಲರಾ ವಿಷವೋ ಅದರ ದಾಯಾದಿ ಬ್ಯಾಕ್ಟೀರಿಯಾಗಳ ವಿಷವೋ ತಗುಲಿದಾಗ, ಉಪ್ಪು ತಾನಾಗಿ ಒಳಬರುವ ಮುಖ್ಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಜೊತೆಗೆ ಕರುಳಿನ ಮಡಿಕೆಗಳ ತಳದಿಂದ ಕ್ಲೋರೈಡ್ ಹೊರಗೆ ಸುರಿಯತೊಡಗುತ್ತದೆ, ಅದರ ಹಿಂದೆ ಸೋಡಿಯಂ ಮತ್ತು ನೀರು. ಬರೀ ಉಪ್ಪುನೀರು ಕುಡಿಸಿದರೆ ಏಕೆ ಪ್ರಯೋಜನವಿಲ್ಲ ಎಂಬುದಕ್ಕೆ ಉತ್ತರ ಇಲ್ಲಿದೆ.

ಆದರೆ ಒಂದು ಬಾಗಿಲು ಇಷ್ಟರಲ್ಲೂ ಕೆಲಸ ಮಾಡುತ್ತಿರುತ್ತದೆ. ಅದರ ಹೆಸರು ಎಸ್‌ಜಿಎಲ್‌ಟಿ-1. ಸಣ್ಣ ಕರುಳಿನ ಬೆರಳಿನಂಥ ಚಾಚುಗಳ ಮೇಲಿರುವ ಈ ಪ್ರೋಟೀನು ಎರಡು ಸೋಡಿಯಂ ಅಯಾನು ಮತ್ತು ಒಂದು ಗ್ಲೂಕೋಸ್ ಅಣು ಒಟ್ಟಿಗೆ ಕೂತರೆ ಮಾತ್ರ ತಿರುಗಿ ಅವನ್ನು ಒಳಗೆ ಬಿಡುತ್ತದೆ. ಗ್ಲೂಕೋಸ್ ಇಲ್ಲದೆ ಸೋಡಿಯಂ ಈ ಬಾಗಿಲಲ್ಲಿ ದಾಟದು, ಸೋಡಿಯಂ ಇಲ್ಲದೆ ಗ್ಲೂಕೋಸ್ ದಾಟದು. ಒಳಗೆ ಬಂದ ಸೋಡಿಯಂ ಅನ್ನು ಕೋಶದ ಹಿಂಬದಿಯ ಪಂಪು ರಕ್ತದ ಕಡೆಗೆ ತಳ್ಳುತ್ತದೆ, ಮೂರು ಸೋಡಿಯಂ ಹೊರಗೆ ಹಾಕಿ ಎರಡು ಪೊಟ್ಯಾಸಿಯಂ ಒಳತರುತ್ತದೆ. ಹೀಗೆ ಕೋಶದೊಳಗೆ ಸೋಡಿಯಂ ಸದಾ ಕಡಿಮೆಯಿರುವುದರಿಂದಲೇ ಮುಂಬಾಗಿಲಿಗೆ ಎಳೆತ ಸಿಗುತ್ತದೆ. ಸೋಡಿಯಂ ಮತ್ತು ಗ್ಲೂಕೋಸ್ ಜೋಡಿಯಾಗಿ ದಾಟುತ್ತವೆ ಎಂಬ ಕಲ್ಪನೆಯನ್ನು ರಾಬರ್ಟ್ ಕ್ರೇನ್ 1960ರಲ್ಲಿ ಮುಂದಿಟ್ಟರು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಡ್ರಿಪ್ ಸಾಕಾಗದಾಗ ಡಾ. ದಿಲೀಪ್ ಮಹಲನಬಿಸ್ ಅವರ ತಂಡ ಇದೇ ತತ್ವದ ದ್ರಾವಣವನ್ನು ರೋಗಿಗಳ ಬಂಧುಗಳ ಕೈಯಲ್ಲೇ ಕುಡಿಸಿತು. ಕುಡಿಸುವುದು ಡ್ರಿಪ್ಪಿಗಿಂತ ಕೀಳು ಚಿಕಿತ್ಸೆ ಎಂಬ ಭಾವನೆ ಮಾತ್ರ ಇವತ್ತಿಗೂ ಹೋಗಿಲ್ಲ.

ಈಗ ಡಬ್ಬಿಗೆ ಬರೋಣ. ಅದರಲ್ಲಿದ್ದದ್ದು ಗ್ಲೂಕೋಸ್ ಅಲ್ಲ, ಸಾಮಾನ್ಯ ಸಕ್ಕರೆ. ಕರುಳಿನ ಅಂಚಿನಲ್ಲಿ ಸಕ್ಕರೆಯ ಪ್ರತಿ ಅಣುವೂ ಒಡೆದು ಒಂದು ಗ್ಲೂಕೋಸ್, ಒಂದು ಫ್ರಕ್ಟೋಸ್ ಆಗುತ್ತದೆ. ಹೀಗೆ ಕಣಗಳ ಸಂಖ್ಯೆ ಇಮ್ಮಡಿಯಾಗುತ್ತದೆ: ಲೀಟರಿಗೆ 110 ಗ್ರಾಂ ಸಕ್ಕರೆ ಅಂದರೆ ಒಡೆದ ಮೇಲೆ 640 ಮಿಲಿಆಸ್ಮೋಲ್ ಆಸುಪಾಸು, ಸಕ್ಕರೆಯೊಂದರಿಂದಲೇ. ಫ್ರಕ್ಟೋಸ್ ಬೇರೆ ಬಾಗಿಲಲ್ಲಿ ಹೋಗುತ್ತದೆ, ಸೋಡಿಯಂ ಜೊತೆ ಕರೆದೊಯ್ಯುವುದಿಲ್ಲ. ಗ್ಲೂಕೋಸಿಗೆ ಜೊತೆಗಾರ ಸೋಡಿಯಂ ಪಾನೀಯದಲ್ಲಿ ಸಾಲದು: ಒಂದು ಸೋಡಿಯಂಗೆ ಹದಿನೈದರಷ್ಟು ಗ್ಲೂಕೋಸ್. ಅದರ ಮೇಲೆ ರೋಗದಿಂದ ಚಾಚುಗಳ ತುದಿ ಸವೆದಿದ್ದರೆ ಬಾಗಿಲುಗಳೇ ಕಡಿಮೆ. ಹಾಗಾಗಿ ಬಹುಪಾಲು ಸಕ್ಕರೆ ಒಳಹೋಗದೆ ಕರುಳಿನ ಪೊಳ್ಳಿನಲ್ಲೇ ಉಳಿಯುತ್ತದೆ.

ಉಳಿದ ಸಕ್ಕರೆ ಏನು ಮಾಡುತ್ತದೆ ಎಂಬುದನ್ನು ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಅಪ್ಪೆಮಿಡಿಗೆ ಉಪ್ಪು ಹಾಕಿ ಭರಣಿಯಲ್ಲಿಟ್ಟರೆ ಮಿಡಿ ಚಿರುಟಿ, ಭರಣಿಯಲ್ಲಿ ನೀರು ನಿಲ್ಲುತ್ತದೆ. ಇಲ್ಲಿ ಭರಣಿ ಕರುಳು, ಚಿರುಟಿದ್ದು ಮಗು. ಒಂದು ಡಬ್ಬಿಯಲ್ಲಿ 22 ಗ್ರಾಂ ಸಕ್ಕರೆ. ಅದರಲ್ಲಿ ಅರ್ಧ ಮಾತ್ರ ಹೀರಲ್ಪಡದೆ ಉಳಿಯಿತು ಎಂದುಕೊಂಡರೂ, ಒಡೆದ ಆ ಸಕ್ಕರೆಯನ್ನು ರಕ್ತದ ಮಟ್ಟಕ್ಕೆ ತೆಳುಮಾಡಲು ಸುಮಾರು 220 ಮಿಲಿಲೀಟರ್ ನೀರು ಬೇಕು. ಡಬ್ಬಿಯಲ್ಲಿದ್ದದ್ದು 200. ಕುಡಿದದ್ದಕ್ಕಿಂತ ಹೆಚ್ಚು ನೀರು ಹೊರಹೋಗಲು ಇಷ್ಟು ಸಾಕು. ದೊಡ್ಡ ಕರುಳಿಗೆ ತಲುಪಿದ ಸಕ್ಕರೆಯನ್ನು ಅಲ್ಲಿನ ಬ್ಯಾಕ್ಟೀರಿಯಾ ಹುಳಿಯಾಗಿಸುತ್ತವೆ. ಅಜ್ಜಿ ಹೇಳಿದ ಹುಳಿ ವಾಸನೆ, ಕೆಂಪಗಾದ ಚರ್ಮ ಎರಡಕ್ಕೂ ಇದೇ ಕಾರಣ. ಸ್ಟಾಫ್ ನರ್ಸ್ ಮೂತ್ರ ಪರೀಕ್ಷೆಯ ಪಟ್ಟಿಯನ್ನು ದ್ರವ ಮಲಕ್ಕೆ ತಾಗಿಸಿ ನೋಡಿದರು, ಪಿಎಚ್ 5, ಅಂದರೆ ಹುಳಿ. ಆ ಪಟ್ಟಿ ಮಲಕ್ಕಾಗಿ ಮಾಡಿದ್ದಲ್ಲ, ಅದೊಂದು ಸುಳಿವಷ್ಟೆ. ಕಥೆಯೊಂದಿಗೆ ಹೊಂದಿತು.

ಏನು ಮಾಡಿದರು

ಡ್ರಿಪ್ ಬೇಡ ಎಂದು ನಿರ್ಧರಿಸಿದರು, ಆದರೆ ತಂದೆಗೆ ಒಂದು ಗಡುವು ಕೊಟ್ಟು. ನಾಲ್ಕು ಗಂಟೆ ಇಲ್ಲೇ ಕೂತು ಕುಡಿಸುವುದು, ಮಗು ಮಂಕಾದರೆ, ಹೊಟ್ಟೆ ಉಬ್ಬಿದರೆ, ನಿಲ್ಲದೆ ವಾಂತಿಯಾದರೆ ಅಥವಾ ಕುಡಿದದ್ದನ್ನು ಮೀರಿ ಭೇದಿ ಸುರಿದರೆ ತಕ್ಷಣ ಸೂಜಿ. ಈ ಮಾತಿನಿಂದ ತಂದೆಗೆ ಸಮಾಧಾನವಾಯಿತು. ಬರೀ "ಡ್ರಿಪ್ ಬೇಕಿಲ್ಲ" ಎಂದಿದ್ದರೆ ಅವರು ಪೇಟೆಯ ದಾರಿ ಹಿಡಿಯುತ್ತಿದ್ದರು.

ಪ್ರಮಾಣ: ಕಿಲೋಗೆ 75 ಮಿಲಿಲೀಟರ್, ನಾಲ್ಕು ಗಂಟೆಯಲ್ಲಿ. 8.8 ಕಿಲೋಗೆ 660. ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಪೂರ್ತಿ ಪ್ಯಾಕೆಟ್ ಹಾಕಿ ಕರಗಿಸಿದರು. ಕರಗಿಸಿದ ಮೇಲೆ ಕಾಯಿಸಬಾರದು, 24 ಗಂಟೆ ದಾಟಿದರೆ ಚೆಲ್ಲಬೇಕು.

ಮೊದಲ ಪ್ರಯತ್ನ ಕೆಟ್ಟಿತು. ಬಾಯಾರಿದ್ದ ಮಗು ಲೋಟ ಕಚ್ಚಿಕೊಂಡಿತು, ತಾಯಿ ಬಿಡಿಸಲಿಲ್ಲ, 60 ಮಿಲಿಲೀಟರ್‌ನಷ್ಟು ಒಂದೇ ಉಸಿರಿಗೆ ಹೋಯಿತು. ಐದು ನಿಮಿಷದಲ್ಲಿ ಎಲ್ಲ ವಾಂತಿ. ತಂದೆ ಎದ್ದು ನಿಂತರು. ನರ್ಸ್ ಹತ್ತು ನಿಮಿಷ ಸುಮ್ಮನಿರಿ ಎಂದು ಹೇಳಿ, ಲೋಟ ತೆಗೆದಿಟ್ಟು, 5 ಮಿಲಿಲೀಟರಿನ ಔಷಧಿ ಚಮಚ ಕೊಟ್ಟರು. ಎರಡು ನಿಮಿಷಕ್ಕೊಂದು ಚಮಚ, ಗೋಡೆ ಗಡಿಯಾರ ನೋಡಿಕೊಂಡು. ಇದು ಗಂಟೆಗೆ 150 ಮಿಲಿಲೀಟರ್ ಆಗುತ್ತದೆ. ಚಮಚ ಅಂದರೆ ಕಾಟಾಚಾರ ಎಂದು ತೋರುತ್ತದೆ, ನಾಲ್ಕು ಗಂಟೆಗೆ ಗುಣಿಸಿದರೆ 600. ಚಮಚದ ಲಾಭ ಪ್ರಮಾಣಕ್ಕಿಂತ ವೇಗದಲ್ಲಿದೆ: ಹೊಟ್ಟೆ ಹಿಗ್ಗುವುದಿಲ್ಲ, ಒಂದು ಚಮಚ ವಾಂತಿಯಾದರೂ ಹಿಂದಿನ ಮೂವತ್ತು ಚಮಚ ಆಗಲೇ ಕರುಳು ಸೇರಿರುತ್ತದೆ.

ಮಗು ಮೊದಲು ಮುಖ ಕಿವುಚಿತು. ಎರಡು ದಿನ ಸಿಹಿ ಕುಡಿದ ನಾಲಗೆಗೆ ಇದು ಉಪ್ಪುಪ್ಪು. ಅಜ್ಜಿ ಸೆರಗಿನಿಂದ ಬಾಯಿ ಒರೆಸುತ್ತಾ, "ಒಂದು ಚಮಚ ಸಕ್ಕರೆ ಹಾಕಿದ್ರೆ ಕುಡೀತಿತ್ತು ಕೂಸು" ಎಂದರು. ಆ ಮಾತನ್ನು ಅಲ್ಲೇ ಹಿಡಿದು ಮಾತಾಡಿದ್ದು ಒಳ್ಳೆಯದಾಯಿತು, ಇಲ್ಲದಿದ್ದರೆ ಮನೆಗೆ ಹೋಗಿ ಹಾಕುತ್ತಿದ್ದರು. ಲೀಟರಿಗೆ 15 ಗ್ರಾಂ ಸಕ್ಕರೆ, ಅಂದರೆ ಒಂದು ದೊಡ್ಡ ಚಮಚ, ಒಡೆದ ಮೇಲೆ 245ನ್ನು 330ಕ್ಕೂ ಮೇಲೆ ಏರಿಸುತ್ತದೆ. ಹಳೆಯ ಪುಡಿಯ ಅಳತೆ 311 ಇತ್ತು; ಅದನ್ನು 245ಕ್ಕೆ ಇಳಿಸಿದ್ದೇ ಭೇದಿ, ವಾಂತಿ, ಡ್ರಿಪ್ಪಿನ ಅಗತ್ಯ ಮೂರೂ ತಗ್ಗಿದ್ದನ್ನು ಕಂಡು. ಸಕ್ಕರೆಯ ಒಂದು ಚಮಚ ಆ ಲಾಭವನ್ನೆಲ್ಲ ತಿಂದುಹಾಕುತ್ತದೆ. ಇಪ್ಪತ್ತು ನಿಮಿಷವಾಗುವಷ್ಟರಲ್ಲಿ ಮಗು ಚಮಚಕ್ಕೆ ಬಾಯಿ ತೆರೆಯತೊಡಗಿತು. ನೀರು ಕಳೆದುಕೊಂಡ ದೇಹಕ್ಕೆ ಉಪ್ಪು ಬೇಡವೆನ್ನಿಸುವುದಿಲ್ಲ. ತುಂಬಿಕೊಂಡ ಮೇಲೆ ಮಕ್ಕಳು ತಾವೇ ಮುಖ ತಿರುಗಿಸುತ್ತಾರೆ, ಅದೂ ಒಂದು ಗುರುತು.

ಎದೆಹಾಲು ನಿಲ್ಲಿಸಲಿಲ್ಲ. ಸತುವಿನ ಮಾತ್ರೆ 20 ಮಿಲಿಗ್ರಾಂ, ದಿನಕ್ಕೊಂದು, 14 ದಿನ. ಪ್ರತಿಜೀವಕ ಬರೆಯಲಿಲ್ಲ, ಮಲದಲ್ಲಿ ರಕ್ತವಿಲ್ಲದ ನೀರುಭೇದಿಗೆ ಸಾಮಾನ್ಯವಾಗಿ ಅದರ ಕೆಲಸವಿಲ್ಲ. ಭೇದಿ ನಿಲ್ಲಿಸುವ ಮಾತ್ರೆಯಂತೂ ಈ ವಯಸ್ಸಿಗೆ ಕೊಡಲೇಬಾರದು.

ಏನಾಯಿತು

ಮೂರನೇ ಗಂಟೆಯಲ್ಲಿ ಮೂತ್ರ ಹೋಯಿತು. ನಾಲ್ಕು ಗಂಟೆಯಲ್ಲಿ ಬೇಕಾದ ಪ್ರಮಾಣದ ಬಹುಪಾಲು ಹೋಗಿತ್ತು, ವಾಂತಿಯಾದದ್ದನ್ನು ಬಿಟ್ಟು. ಭೇದಿ ಎರಡು ಸಲ. ತೂಕ 9.2 ಕಿಲೋ. ಚಿವುಟಿದ ಚರ್ಮ ತಕ್ಷಣ ಸಮವಾಯಿತು, ಮಗು ನರ್ಸಿನ ಗುರುತಿನ ಚೀಟಿಯ ದಾರ ಎಳೆದಾಡತೊಡಗಿತು.

ಇಲ್ಲಿ ಒಂದು ಎಚ್ಚರ. ಒಆರ್‌ಎಸ್ ಭೇದಿ ನಿಲ್ಲಿಸುವ ಔಷಧಿಯಲ್ಲ, ಹೋಗುವ ನೀರನ್ನು ತುಂಬಿಕೊಡುವ ದ್ರವ. ಈ ಮಗುವಿಗೆ ಭೇದಿ ಬೇಗ ತಗ್ಗಿದ್ದು ಮುಖ್ಯವಾಗಿ ಸಕ್ಕರೆ ನಿಂತದ್ದಕ್ಕೆ. ಹೀಗೆ ಸಕ್ಕರೆ ಬಿಡಿಸಿ ಸರಿಯಾದ ದ್ರಾವಣ ಕೊಟ್ಟಾಗ ಮಲದ ಪ್ರಮಾಣ ಇಳಿಯುವುದೇ ರೋಗನಿದಾನಕ್ಕೆ ಸಿಗುವ ದೃಢೀಕರಣ. ಸರಿಯಾದ ದ್ರಾವಣ ಕೊಟ್ಟರೂ ಏರುತ್ತಲೇ ಹೋದರೆ ಗ್ಲೂಕೋಸೇ ಹೀರಲ್ಪಡುತ್ತಿಲ್ಲವೇ ಎಂದು ಯೋಚಿಸಬೇಕು. ಅದು ಅಪರೂಪ, ಎಸ್‌ಜಿಎಲ್‌ಟಿ-1 ಹುಟ್ಟಿನಿಂದಲೇ ಕೆಟ್ಟಿರುವ ಮಕ್ಕಳೂ ಇದ್ದಾರೆ, ಅವರಿಗೆ ತಾಯಿಯ ಹಾಲು ಕುಡಿದ ಮೊದಲ ದಿನಗಳಲ್ಲೇ ತೀವ್ರ ಭೇದಿ ಕಾಣಿಸಿಕೊಳ್ಳುತ್ತದೆ.

ಇನ್ನೊಂದು ತಪ್ಪು ಮನೆಗೆ ಕಳಿಸುವ ಮೊದಲು ಸಿಕ್ಕಿತು. ಎರಡು ಪ್ಯಾಕೆಟ್ ಕೈಗಿಟ್ಟು ಕಳಿಸುವುದು ರೂಢಿ. ನರ್ಸ್ ಹಾಗೆ ಮಾಡದೆ ಅಜ್ಜಿಯನ್ನು ಕೇಳಿದರು: "ಮನೇಲಿ ಯಾವ ಪಾತ್ರೇಲಿ ಕಲಸ್ತೀರಿ ಅಜ್ಜಿ?" ಅಜ್ಜಿ ಬಿಸಿನೀರು ತಂದಿದ್ದ ಹಿತ್ತಾಳೆ ಚೊಂಬು ತೋರಿಸಿದರು. "ಇದು ಒಂದು ಲೀಟರೇ ಅಲ್ವೇನಮ್ಮ, ಹಾಲು ಅಳೆಯೋದು ಇದರಲ್ಲೇ." ಅಳತೆ ಲೋಟದಿಂದ ಸುರಿದು ನೋಡಿದರೆ ಕಂಠದವರೆಗೆ 650 ಮಿಲಿಲೀಟರ್. ಅದರಲ್ಲಿ ಒಂದು ಲೀಟರಿನ ಪುಡಿ ಹಾಕಿದ್ದರೆ ಸೋಡಿಯಂ 115, ಒಟ್ಟು 377 ಮಿಲಿಆಸ್ಮೋಲ್. ಈ ಸಲ ಸಿಹಿ ಅಲ್ಲ, ಉಪ್ಪು ಹೆಚ್ಚಾಗುತ್ತಿತ್ತು. ದಿನವಿಡೀ ಅದನ್ನೇ ಕುಡಿಸಿದರೆ ಎಳೆ ಮಗುವಿನ ರಕ್ತದಲ್ಲಿ ಸೋಡಿಯಂ ಏರಬಹುದು: ತೀರದ ಬಾಯಾರಿಕೆ, ಕಿರುಚುವ ಅಳು, ಹಿಟ್ಟಿನ ಮುದ್ದೆಯಂತಾದ ಚರ್ಮ, ಕೊನೆಗೆ ಅಪಸ್ಮಾರದಂಥ ಸೆಳೆತ. ಒಂದು ಲೀಟರಿನ ಪುಡಿಯನ್ನು ಲೋಟಕ್ಕೆ ಹಾಕುವುದು ಇದಕ್ಕಿಂತ ಘೋರ, ಐದು ಪಟ್ಟು. ಅಂಗಡಿಯಲ್ಲಿ 200 ಮಿಲಿಲೀಟರಿಗೆಂದೇ 4 ಗ್ರಾಂ ಚಿಲ್ಲರೆಯ ಸಣ್ಣ ಪೊಟ್ಟಣವೂ ಸಿಗುವುದರಿಂದ ಈ ಗೊಂದಲ ಸುಲಭ. ಪುಡಿಯನ್ನು ಅರ್ಧ ಮಾಡಿ ಅರ್ಧ ಲೀಟರಿಗೆ ಹಾಕುವುದೂ ಬೇಡ, ಒಳಗಿನ ಪುಡಿಗಳು ಸಮನಾಗಿ ಬೆರೆತಿರುತ್ತವೆ ಎಂಬ ಭರವಸೆಯಿಲ್ಲ.

ಪರಿಹಾರ ಸರಳವಿತ್ತು. ಒಂದು ಲೀಟರಿನ ಖಾಲಿ ನೀರಿನ ಬಾಟಲಿ ತರಿಸಿ, ಅಳತೆ ನೀರು ತುಂಬಿ, ಮಟ್ಟದಲ್ಲಿ ಮಾರ್ಕರ್ ಗೆರೆ ಎಳೆದು ಕೊಟ್ಟರು. ಅಜ್ಜಿಯ ಕೈಯಲ್ಲೇ ಒಮ್ಮೆ ಕಲಸಿಸಿ, ರುಚಿ ನೋಡಿಸಿದರು. ಕಣ್ಣೀರಿಗಿಂತ ಹೆಚ್ಚು ಉಪ್ಪಾಗಿರಬಾರದು. ಪ್ರತಿ ಸಲ ಭೇದಿಯಾದ ಮೇಲೆ 50ರಿಂದ 100 ಮಿಲಿಲೀಟರ್, ಅದೂ ಚಮಚದಲ್ಲಿ.

ಅಜ್ಜಿ ಗಂಜಿಯ ವಿಷಯ ಕೇಳಿದರು. ಕೇಳಿದ್ದು ಒಳ್ಳೆಯ ಪ್ರಶ್ನೆ. ಅಕ್ಕಿಯ ಪಿಷ್ಟ ಉದ್ದನೆಯ ಸರಪಳಿ. ನೀರಿನಲ್ಲಿ ಅದರ ಕಣಗಳ ಲೆಕ್ಕ ಕಡಿಮೆ, ಕರುಳಿನಲ್ಲಿ ನಿಧಾನವಾಗಿ ಒಡೆದು ಗ್ಲೂಕೋಸ್ ಆಗುತ್ತದೆ. ಹೀಗಾಗಿ ಎಸ್‌ಜಿಎಲ್‌ಟಿ-1ಕ್ಕೆ ಬೇಕಾದ ಜೊತೆಗಾರ ಸಿಗುತ್ತದೆ, ಸಕ್ಕರೆಯಂತೆ ಒಮ್ಮೆಲೇ ನೀರು ಎಳೆಯುವುದಿಲ್ಲ. ಲೀಟರ್ ತೆಳು ಗಂಜಿಗೆ ಮಟ್ಟಸವಾದ ಅರ್ಧ ಟೀ ಚಮಚ ಉಪ್ಪು ಹಾಕಿದರೆ ಮನೆಯಲ್ಲಿ ಕೊಡಬಹುದಾದ ಒಳ್ಳೆಯ ದ್ರವ. ಉಪ್ಪಿಲ್ಲದ ಗಂಜಿ ತಿಳಿಗೆ ಸೋಡಿಯಂ ಇಲ್ಲ, ಬೆಲ್ಲ ಹಾಕಿದರೆ ಮತ್ತೆ ಡಬ್ಬಿಯ ಕಥೆ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ನಡುನಡುವೆ ಕೊಡಬಹುದು, ಒಆರ್‌ಎಸ್ ಬದಲಿಗೆ ಅಲ್ಲ.

ಮಂಗಳವಾರ ಭೇದಿ ಐದು ಸಲ, ಬುಧವಾರ ಮೂರು. ಶುಕ್ರವಾರ ಆಶಾ ಕಾರ್ಯಕರ್ತೆ ಮನೆಗೆ ಹೋದಾಗ ಮಲ ಗಟ್ಟಿಯಾಗುತ್ತಿತ್ತು. ಗೆರೆ ಎಳೆದ ಬಾಟಲಿ ಕಿಟಕಿಯಲ್ಲಿತ್ತು. ಅರ್ಧ ಖಾಲಿಯಾಗಿದ್ದ ಅದನ್ನು ಅವರು ಚೆಲ್ಲಿಸಿದರು, ಹಿಂದಿನ ದಿನ ಬೆಳಿಗ್ಗೆ ಕಲಸಿದ್ದು.

ಮೆಡಿಕಲ್ ಶಾಪಿನವರ ಜೊತೆ ವೈದ್ಯೆ ಮಾತಾಡಿದರು. ಪೆಟ್ಟಿಗೆಯ ಮೇಲೆ ಹಾಗೆ ಬರೆದಿರುವಾಗ ನಾವೇನು ಮಾಡೋದು ಎಂದರು ಅವರು, ಅದೂ ಸರಿಯೇ. 2025ರ ಅಕ್ಟೋಬರ್‌ನಲ್ಲಿ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಇಂಥ ಪಾನೀಯಗಳ ಹೆಸರಿನಲ್ಲಿ ಒಆರ್‌ಎಸ್ ಪದ ಬಳಸಕೂಡದೆಂದು ಆದೇಶಿಸಿತು; ಈ ಪ್ರಕರಣ ಅದಕ್ಕೂ ಹಿಂದಿನ ಮಳೆಗಾಲದ್ದು. ಅಂಗಡಿಯಲ್ಲಿ ಕೈಗೆ ಬಂದದ್ದನ್ನು ತಿರುಗಿಸಿ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ, ಅಡುಗೆ ಉಪ್ಪು 2.6 ಗ್ರಾಂ ಎಂದಿದೆಯೇ ನೋಡುವುದು ಈಗಲೂ ಅರ್ಧ ನಿಮಿಷದ ಕೆಲಸ. ಆ ಊರಿನ ಆಶಾ ಕಾರ್ಯಕರ್ತೆ ಖಾಲಿ ಡಬ್ಬಿ ಮತ್ತು ಪುಡಿಯ ಪ್ಯಾಕೆಟ್ ಎರಡನ್ನೂ ಚೀಲದಲ್ಲಿಟ್ಟುಕೊಂಡು ತಾಯಂದಿರ ಸಭೆಗೆ ಹೋಗುತ್ತಾರೆ. ಡಬ್ಬಿಯ ಪಕ್ಕ ಒಂದು ಸಣ್ಣ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಅದರೊಳಗಿನಷ್ಟೇ ಸಕ್ಕರೆ, 22 ಗ್ರಾಂ, ತೂಗಿ ಕಟ್ಟಿಟ್ಟಿದ್ದಾರೆ.